ಹಣ್ಣು ಬಿಟ್ಟ ಮೇಲೂ ಲಿವರ್‌ನ ಕೊಬ್ಬು ಇಳಿಯಲಿಲ್ಲ: ಫ್ರಕ್ಟೋಸ್ ಎಲ್ಲಿಂದ ಬರುತ್ತಿದೆ?

ಸುಮಂಗಲಾ, ಹಾವೇರಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 46 ವರ್ಷ. ಗೊಬ್ಬರ, ಬೀಜದ ಕಂಪನಿಯೊಂದರ ಪರವಾಗಿ ದಿನವಿಡೀ ಬೈಕಿನಲ್ಲಿ ಹಳ್ಳಿಗಳನ್ನು ಸುತ್ತುವ ಕೆಲಸ. ಫೆಬ್ರವರಿಯಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದಾಗ ಎರಡನೇ ದರ್ಜೆಯ ಫ್ಯಾಟಿ ಲಿವರ್ ಎಂದು ಬರೆದುಕೊಟ್ಟರು. ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಹೆಚ್ಚಾಗಿ 68 ಇತ್ತು. ಅವರು ಮದ್ಯ ಮುಟ್ಟುವವರಲ್ಲ. ಹಣ್ಣಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ನೇರವಾಗಿ ಲಿವರ್‌ಗೆ ಹೋಗಿ ಕೊಬ್ಬಾಗುತ್ತದೆ ಎಂದು ನೆಂಟರೊಬ್ಬರು ಹೇಳಿದ್ದರಿಂದ, ಅಂದಿನಿಂದ ಇವರು ಬಾಳೆಹಣ್ಣು, ಚಿಕ್ಕು, ದ್ರಾಕ್ಷಿ ಎಲ್ಲವನ್ನೂ ಬಿಟ್ಟರು. ಈ ಸಲದ ಮಾವಿನ ಹಂಗಾಮಿನಲ್ಲಿ ಒಂದು ಹೋಳನ್ನೂ ಬಾಯಿಗೆ ಹಾಕಲಿಲ್ಲ. ನಾಲ್ಕು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿದರೆ ಎಸ್‌ಜಿಪಿಟಿ 71 ಬಂದಿದೆ, ತೂಕ ಒಂದು ಕಿಲೋ ಹೆಚ್ಚಾಗಿದೆ. ಇಷ್ಟು ಕಟ್ಟುನಿಟ್ಟಾಗಿದ್ದರೂ ಹೀಗೇಕಾಯಿತು ಎಂದು ಅವರು ಬೇಸರಗೊಂಡಿದ್ದಾರೆ. ಹಣ್ಣನ್ನು ಬಿಟ್ಟದ್ದು ಸರಿಯೇ? ಇನ್ನೂ ಏನನ್ನು ಬಿಡಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಬಸವರಾಜ, ಗದಗ

ಅಕ್ಕಾ, ನಿಮ್ಮ ನೆಂಟರು ಹೇಳಿದ್ದರಲ್ಲಿ ತಪ್ಪಿಲ್ಲ. ಗ್ಲೂಕೋಸನ್ನು ಸ್ನಾಯು, ಮೆದುಳು ಹೀಗೆ ದೇಹದ ಎಲ್ಲ ಭಾಗಗಳೂ ಬಳಸಿಕೊಳ್ಳುತ್ತವೆ. ಫ್ರಕ್ಟೋಸನ್ನು ಮಾತ್ರ ಲಿವರ್ ಒಂದೇ ಕರಗಿಸಬೇಕು. ಮದ್ಯದ ಕಥೆಯೂ ಹಾಗೆಯೇ, ಆದ್ದರಿಂದಲೇ ಮದ್ಯ ಕುಡಿಯದವರಿಗೂ ಕುಡುಕರ ಲಿವರ್ ಬರುತ್ತಿದೆ. ಫ್ರಕ್ಟೋಸ್ ಎಲ್ಲಿಂದ ಬಂದರೂ ಫ್ರಕ್ಟೋಸೇ ಆಗಿರುವುದರಿಂದ ಮಾವಿನಿಂದ ಬಂತೋ ಬಾಟಲಿಯಿಂದ ಬಂತೋ ಎಂಬುದು ಲಿವರ್‌ಗೆ ತಿಳಿಯುವುದಿಲ್ಲ. ಸಿಹಿ ಬೇಕೆನಿಸಿದರೆ ಬಿಳಿ ಸಕ್ಕರೆಯ ಬದಲು ಬೆಲ್ಲ ಅಥವಾ ಜೇನುತುಪ್ಪ ಬಳಸಲಿ. ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಹಾಗೆಯೇ ಮಾಡುತ್ತಿದ್ದೇವೆ.

ರಾಘವೇಂದ್ರ, ಮೈಸೂರು

ನಾನು ಇಪ್ಪತ್ತೆಂಟು ವರ್ಷ ಜೀವರಸಾಯನ ಶಾಸ್ತ್ರವನ್ನು ಪಾಠ ಮಾಡಿದವನು. ವೈದ್ಯನಲ್ಲ, ಆದ್ದರಿಂದ ಚಿಕಿತ್ಸೆಯ ಮಾತನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ. ಬಸವರಾಜ ಅವರು ಬರೆದದ್ದರಲ್ಲಿ ಅರ್ಧ ಸರಿಯಿದೆ. ಉಳಿದರ್ಧವನ್ನು ನಾವೂ ಬಹುಕಾಲ ಅವರು ಹೇಳಿದಂತೆಯೇ ಪಾಠ ಮಾಡಿದ್ದೆವು ಎಂಬುದನ್ನು ಒಪ್ಪಿಕೊಳ್ಳಬೇಕು.

ಸರಿಯಿರುವ ಭಾಗ ಇದು. ಗ್ಲೂಕೋಸ್ ಒಳಹೊಕ್ಕಾಗ ಜೀವಕೋಶವು ತನಗೆ ಶಕ್ತಿ ಸಾಕು ಎನಿಸಿದ ಕೂಡಲೇ ದಾರಿಯ ಮಧ್ಯದಲ್ಲಿರುವ ಒಂದು ಗೇಟನ್ನು ಮುಚ್ಚಿಕೊಳ್ಳುತ್ತದೆ. ಫ್ರಕ್ಟೋಸ್ ಹಿಡಿಯುವ ದಾರಿ ಆ ಗೇಟಿನ ಪಕ್ಕದಿಂದ ಹಾಯ್ದುಹೋಗುತ್ತದೆ. ಯಕೃತ್ತಿನಲ್ಲಿರುವ ಕೀಟೋಹೆಕ್ಸೋಕೈನೇಸ್ ಎಂಬ ಕಿಣ್ವವು ಬಂದಷ್ಟು ಫ್ರಕ್ಟೋಸನ್ನೂ ತಡೆಯಿಲ್ಲದೆ ಒಳಗೆಳೆದುಕೊಳ್ಳುತ್ತದೆ, ಅದರ ತುಣುಕುಗಳು ಕೊಬ್ಬಿನಾಮ್ಲ ಕಟ್ಟುವ ಕೆಲಸಕ್ಕೆ ಸಿದ್ಧ ಸಾಮಗ್ರಿಯಾಗುತ್ತವೆ. ಅಷ್ಟೇ ಅಲ್ಲ, ಕೊಬ್ಬು ತಯಾರಿಸುವ ಕಿಣ್ವಗಳನ್ನು ಹೆಚ್ಚಿಸುವಂತೆ ಯಕೃತ್ತಿನ ವಂಶವಾಹಿಗಳಿಗೂ ಸೂಚನೆ ಹೋಗುತ್ತದೆ.

ತಪ್ಪಿರುವ ಭಾಗವೆಂದರೆ ಫ್ರಕ್ಟೋಸ್ ಇಡಿಯಾಗಿ ಯಕೃತ್ತಿಗೇ ಬರುತ್ತದೆ ಎಂಬುದು. ಅದಕ್ಕಿಂತ ಮುಂಚೆ ಸಣ್ಣ ಕರುಳಿನ ಗೋಡೆಯಿದೆ, ಅಲ್ಲಿಯೂ ಅದೇ ಕಿಣ್ವವಿದೆ. 2018ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡವೊಂದು ಗುರುತು ಹಾಕಿದ ಇಂಗಾಲವಿರುವ ಫ್ರಕ್ಟೋಸನ್ನು ಇಲಿಗಳಿಗೆ ಕೊಟ್ಟು ಅದು ಎಲ್ಲೆಲ್ಲಿ ಏನಾಗುತ್ತದೆ ಎಂದು ಹಿಂಬಾಲಿಸಿತು. ಪ್ರಮಾಣ ಕಡಿಮೆಯಿದ್ದಾಗ ಸುಮಾರು ನೂರಕ್ಕೆ ತೊಂಬತ್ತು ಭಾಗ ಫ್ರಕ್ಟೋಸ್ ಕರುಳಿನ ಗೋಡೆಯಲ್ಲಿಯೇ ಗ್ಲೂಕೋಸ್ ಮತ್ತಿತರ ಸಣ್ಣ ಆಮ್ಲಗಳಾಗಿ ಬದಲಾಗುತ್ತಿತ್ತು. ಪ್ರಮಾಣ ಹೆಚ್ಚಿದಾಗ ಕರುಳಿಗೆ ಆ ಕೆಲಸ ಮೀರಿಹೋಗಿ, ಉಳಿದದ್ದು ಯಕೃತ್ತಿಗೂ ಕೆಳಗಿನ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೂ ಹರಿದುಹೋಗುತ್ತಿತ್ತು. ಎರಡು ವರ್ಷದ ನಂತರ ಅದೇ ತಂಡವು ಕರುಳಿನಲ್ಲಿ ಮಾತ್ರ ಆ ಕಿಣ್ವವನ್ನು ತೆಗೆದುಹಾಕಿದ ಇಲಿಗಳಲ್ಲಿ ಯಕೃತ್ತಿನ ಕೊಬ್ಬು ಹೆಚ್ಚುವುದನ್ನೂ, ಅದನ್ನು ಹೆಚ್ಚಿಸಿದ ಇಲಿಗಳಿಗೆ ರಕ್ಷಣೆ ಸಿಗುವುದನ್ನೂ ತೋರಿಸಿತು. ಅಷ್ಟೇ ಫ್ರಕ್ಟೋಸನ್ನು ನಿಧಾನವಾಗಿ ಕೊಟ್ಟಾಗ ಯಕೃತ್ತು ಕಡಿಮೆ ಕೊಬ್ಬು ಕಟ್ಟಿತು.

ಹೊಲಕ್ಕೆ ನೀರು ಹಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ಟ್ಯಾಂಕಿನ ನೀರು ಹನಿಹನಿಯಾಗಿ ಬಿದ್ದರೆ ಬುಡದಲ್ಲಿಯೇ ಇಂಗುತ್ತದೆ, ಒಮ್ಮೆಲೇ ಬಿಟ್ಟರೆ ಬದು ದಾಟಿ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ಫ್ರಕ್ಟೋಸಿನ ಅಣು ಒಂದೇ ಆದರೂ ಅದು ಎಷ್ಟು ಹೊತ್ತಿನಲ್ಲಿ, ಎಷ್ಟು ಪ್ರಮಾಣದಲ್ಲಿ ಕರುಳಿನ ಗೋಡೆಯನ್ನು ಮುಟ್ಟುತ್ತದೆ ಎಂಬುದು ಒಂದೇ ಅಲ್ಲ.

ಸುಮಂಗಲಾ ಅವರೇ, ನಿಮ್ಮ ಯಜಮಾನರು ಹಗಲಿನಲ್ಲಿ ಏನೇನು ಕುಡಿಯುತ್ತಾರೆ ಎಂಬುದನ್ನು ನೀವು ಬರೆದಿಲ್ಲ. ಅದನ್ನು ತಿಳಿಸಬಹುದೇ?

ಶಿವಾನಂದ, ಬೆಳಗಾವಿ

ನನಗೆ ಸಕ್ಕರೆ ಕಾಯಿಲೆಯಿದೆ, ಆದ್ದರಿಂದ ಮನೆಯಲ್ಲಿ ಗ್ಲೂಕೋಮೀಟರ್ ಇದೆ. ಈ ಚರ್ಚೆಯನ್ನು ಓದಿ ನಾನೇ ಪರೀಕ್ಷಿಸಿ ನೋಡಿದೆ. ಒಂದು ದಿನ ಮಾವಿನ ಹಣ್ಣನ್ನು ತಿಂದು ಒಂದು ಗಂಟೆಯ ನಂತರ ಬೆರಳು ಚುಚ್ಚಿದಾಗ 188 ಬಂತು. ಮರುದಿನ ಅದೇ ಹೊತ್ತಿಗೆ ಸಣ್ಣ ಬಾಟಲಿಯ ತಂಪು ಪಾನೀಯವನ್ನು ಕುಡಿದು ನೋಡಿದಾಗ 181 ಬಂತು. ಅಂದಮೇಲೆ ಪಾನೀಯಕ್ಕಿಂತ ಹಣ್ಣೇ ಕೆಟ್ಟದ್ದೆಂದು ಆಯಿತಲ್ಲವೇ? ಹಾಗಿದ್ದರೆ ಹಣ್ಣಿನ ಪರ ವಾದಿಸುವುದೇಕೆ?

ರಾಘವೇಂದ್ರ, ಮೈಸೂರು

ಶಿವಾನಂದ ಅವರೇ, ಗ್ಲೂಕೋಮೀಟರಿನ ಪಟ್ಟಿಯಲ್ಲಿರುವ ಕಿಣ್ವವು ಗ್ಲೂಕೋಸನ್ನು ಮಾತ್ರ ಗುರುತಿಸುತ್ತದೆ. ರಕ್ತದಲ್ಲಿ ಫ್ರಕ್ಟೋಸ್ ಇದ್ದರೂ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ನೀವು ಅಳೆದದ್ದು ಬೇರೊಂದು ಪ್ರಶ್ನೆಗೆ ಉತ್ತರ. ಸಕ್ಕರೆ ಕಾಯಿಲೆಯವರಿಗೆ ಆ ಪ್ರಶ್ನೆಯೂ ಮುಖ್ಯವೇ, ಆದರೆ ಯಕೃತ್ತಿಗೆ ಎಷ್ಟು ಫ್ರಕ್ಟೋಸ್ ತಲುಪಿತು ಎಂಬುದನ್ನು ಬೆರಳಿನ ರಕ್ತದಿಂದ ಮನೆಯಲ್ಲಿ ತಿಳಿಯುವ ಉಪಾಯವಿಲ್ಲ. ಒಂದು ಕಾಲದಲ್ಲಿ ಸಕ್ಕರೆ ಕಾಯಿಲೆಯವರಿಗೆ ಫ್ರಕ್ಟೋಸನ್ನೇ ಸಿಹಿಗಾಗಿ ಸೂಚಿಸುತ್ತಿದ್ದುದೂ ಇದೇ ಕಾರಣದಿಂದ. ಅದು ರಕ್ತದ ಗ್ಲೂಕೋಸನ್ನು ಹೆಚ್ಚು ಏರಿಸುವುದಿಲ್ಲ ಎಂಬುದಷ್ಟೇ ಆಗ ಕಣ್ಣಿಗೆ ಬಿದ್ದಿತ್ತು. ಅದಲ್ಲದೆ 188ಕ್ಕೂ 181ಕ್ಕೂ ಇರುವ ಅಂತರ ಅಂಥ ಯಂತ್ರದ ಅಳತೆಯ ಏರುಪೇರಿನೊಳಗೇ ಬರುತ್ತದೆ.

ಸುಮಂಗಲಾ, ಹಾವೇರಿ

ಮೇಷ್ಟ್ರೇ, ನೀವು ಕೇಳಿದ ಮೇಲೆ ಯಜಮಾನರನ್ನು ಕೂರಿಸಿಕೊಂಡು ಒಂದು ದಿನದ್ದನ್ನು ಬರೆಸಿಕೊಂಡೆ. ದಿನಕ್ಕೆ ಮೂರು ಚಹಾ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಮಧ್ಯಾಹ್ನ ಬಿಸಿಲಿಗೆ ಅಂಗಡಿಯ ಮಾವಿನ ಪಾನೀಯದ 600 ಮಿಲಿ ಲೀಟರಿನ ಬಾಟಲಿ. ಸಂಜೆ ಬಸ್ ನಿಲ್ದಾಣದ ಬಳಿ ದೊಡ್ಡ ಲೋಟದಲ್ಲಿ ಕಬ್ಬಿನ ಹಾಲು. ಹಣ್ಣು ಬಿಟ್ಟ ಮೇಲೆ ಬಾಯಿಗೆ ಸಿಹಿ ಬೇಕೆನಿಸಿ ಮಾವಿನ ಪಾನೀಯ ಶುರುವಾಯಿತಂತೆ. ಮೊದಲು ಎರಡು ಮೂರು ದಿನಕ್ಕೊಮ್ಮೆ ಕುಡಿಯುತ್ತಿದ್ದವರು ಈಗ ದಿನವೂ ಕುಡಿಯುತ್ತಿದ್ದಾರೆ. ಇವುಗಳಲ್ಲಿ ಹಣ್ಣನ್ನು ತಿಂದಂತಾಗಲಿಲ್ಲ ಎಂದು ಅವರ ಲೆಕ್ಕ.

ರಾಘವೇಂದ್ರ, ಮೈಸೂರು

ಹಾಗಾದರೆ ಲೆಕ್ಕ ಮಾಡೋಣ. ಇವು ಅಂದಾಜುಗಳು, ಆದರೆ ಎಲ್ಲಿ ಭಾರ ಬಿದ್ದಿದೆ ಎಂದು ತಿಳಿಯಲು ಸಾಕು. ಸಕ್ಕರೆ, ಬೆಲ್ಲ, ಕಬ್ಬಿನ ಹಾಲು ಮೂರರಲ್ಲಿಯೂ ಇರುವುದು ಮುಖ್ಯವಾಗಿ ಸುಕ್ರೋಸ್. ಅದು ಕರುಳಿನಲ್ಲಿ ಒಡೆದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ.

ಆರು ಚಮಚ ಸಕ್ಕರೆಯೆಂದರೆ ಮೂವತ್ತು ಗ್ರಾಂ, ಅಲ್ಲಿಂದ ಫ್ರಕ್ಟೋಸ್ 15 ಗ್ರಾಂ. ಬಾಟಲಿಯ ಹಿಂದೆ ಬರೆದಿರುವ ಸಕ್ಕರೆಯ ಅಂಕಿಯನ್ನು ನೀವೇ ನೋಡಿ. ಅದು ನೂರು ಮಿಲಿ ಲೀಟರಿಗೆ 14 ಗ್ರಾಂ ಎಂದಿದ್ದರೆ ಇಡೀ ಬಾಟಲಿಯಲ್ಲಿ 84 ಗ್ರಾಂ ಸಕ್ಕರೆ, ಅಂದರೆ ಸುಮಾರು 42 ಗ್ರಾಂ ಫ್ರಕ್ಟೋಸ್. ದೊಡ್ಡ ಲೋಟದ ಕಬ್ಬಿನ ಹಾಲಿನಲ್ಲಿ ನಲವತ್ತು ಗ್ರಾಂ ಸಕ್ಕರೆ ಎಂದಿಟ್ಟುಕೊಂಡರೆ ಮತ್ತೆ 20 ಗ್ರಾಂ. ಒಟ್ಟು ದಿನಕ್ಕೆ 77 ಗ್ರಾಂ ಫ್ರಕ್ಟೋಸ್, ಅದರಲ್ಲಿ 62 ಗ್ರಾಂ ಎರಡೇ ಸಲಕ್ಕೆ, ಕೆಲವೇ ನಿಮಿಷಗಳಲ್ಲಿ ಗಂಟಲಿನಿಂದ ಇಳಿದದ್ದು.

ಈಗ ಅವರು ಬಿಟ್ಟದ್ದನ್ನು ನೋಡಿ. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ ಮೂರು ನಾಲ್ಕು ಗ್ರಾಂ ಫ್ರಕ್ಟೋಸ್ ಇರುತ್ತದೆ. ಇನ್ನೂರು ಗ್ರಾಂ ಮಾವಿನ ತಿರುಳಿನಲ್ಲಿ, ಅದರ ಸುಕ್ರೋಸ್ ಒಡೆದು ಬರುವುದನ್ನೂ ಸೇರಿಸಿದರೆ, ಹದಿನಾರು ಗ್ರಾಂ ಆಸುಪಾಸು. ದಿನಕ್ಕೊಂದು ಮಾವು, ಒಂದು ಬಾಳೆಹಣ್ಣು ಎಂದರೆ ಸುಮಾರು ಇಪ್ಪತ್ತು ಗ್ರಾಂ. ಆ ಇಪ್ಪತ್ತನ್ನು ಬಿಟ್ಟು ನಲವತ್ತೆರಡರ ಬಾಟಲಿಯನ್ನು ಹಿಡಿದಿದ್ದಾರೆ. ಅವರು ಅಷ್ಟು ನಿಷ್ಠೆಯಿಂದ ಹಣ್ಣು ಬಿಟ್ಟಿದ್ದಾರೆ ಎಂಬುದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಈ 84 ಗ್ರಾಂ ಎಂಬ ಅಂಕಿಗೆ ಒಂದು ವಿಶೇಷವಿದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 94 ಮಂದಿ ಆರೋಗ್ಯವಂತ ಯುವಕರಿಗೆ ಏಳು ವಾರ ದಿನಕ್ಕೆ 80 ಗ್ರಾಂ ಸಕ್ಕರೆಯಿರುವ ಪಾನೀಯ ಕೊಟ್ಟು ನೋಡಿದರು. ಒಂದು ಗುಂಪಿಗೆ ಬರಿಯ ಫ್ರಕ್ಟೋಸ್, ಒಂದಕ್ಕೆ ಸುಕ್ರೋಸ್, ಒಂದಕ್ಕೆ ಗ್ಲೂಕೋಸ್, ಮತ್ತೊಂದಕ್ಕೆ ಯಾವುದೂ ಇಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಫ್ರಕ್ಟೋಸ್ ಮತ್ತು ಸುಕ್ರೋಸ್ ಕುಡಿದವರ ಯಕೃತ್ತು ಹೊಸ ಕೊಬ್ಬನ್ನು ಕಟ್ಟುವ ವೇಗ ಸುಮಾರು ಇಮ್ಮಡಿಯಾಯಿತು, ಗ್ಲೂಕೋಸ್ ಕುಡಿದವರಲ್ಲಿ ಹಾಗಾಗಲಿಲ್ಲ. ನಿಮ್ಮ ಯಜಮಾನರು ಆ ಪ್ರಯೋಗದ ಸುಕ್ರೋಸ್ ಗುಂಪಿಗಿಂತ ಹೆಚ್ಚನ್ನು ತಮಗೆ ತಿಳಿಯದೆಯೇ ಕುಡಿಯುತ್ತಿದ್ದಾರೆ.

ಬಸವರಾಜ ಅವರ ಬೆಲ್ಲ, ಜೇನಿನ ಮಾತಿಗೂ ಇಲ್ಲಿಯೇ ಉತ್ತರವಿದೆ. ಬೆಲ್ಲವೂ ಬಹುಪಾಲು ಸುಕ್ರೋಸೇ. ಜೇನಿನಲ್ಲಂತೂ ನೂರು ಗ್ರಾಮಿಗೆ ಸುಮಾರು ನಲವತ್ತು ಗ್ರಾಂ ಫ್ರಕ್ಟೋಸ್ ಬಿಡಿಯಾಗಿಯೇ ಇದೆ. ಯಕೃತ್ತಿನ ದೃಷ್ಟಿಯಿಂದ ಈ ಬದಲಾವಣೆಯಿಂದ ಏನೂ ಸಿಗುವುದಿಲ್ಲ.

ಬಸವರಾಜ, ಗದಗ

ಕರುಳಿನ ವಿಚಾರ ನನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ಇಲಿಯ ಕರುಳು ಮನುಷ್ಯನ ಕರುಳಲ್ಲ. ಇನ್ನು ಬೆಲ್ಲದಲ್ಲಿ ಕಬ್ಬಿಣದಂಥ ಖನಿಜಗಳಿವೆ ಎಂಬುದನ್ನು ನೀವು ಅಲ್ಲಗಳೆಯಲಾರಿರಿ.

ರಾಘವೇಂದ್ರ, ಮೈಸೂರು

ಖನಿಜಗಳಿವೆ, ಅಲ್ಲಗಳೆಯುವುದಿಲ್ಲ. ಆದರೆ ಅವು ಸುಕ್ರೋಸಿನ ದಾರಿಯನ್ನು ಬದಲಿಸುವುದಿಲ್ಲ. ಇಲಿಯ ಬಗ್ಗೆ ನಿಮ್ಮ ಆಕ್ಷೇಪ ನ್ಯಾಯವಾದದ್ದು. ಮನುಷ್ಯನ ಕರುಳಿಗೂ ಆ ಕೆಲಸ ಗೊತ್ತಿದೆ, ಆದರೆ ಎಷ್ಟು ಗ್ರಾಮಿಗೆ ಅದು ಸೋಲುತ್ತದೆ ಎಂಬ ಗಡಿಯನ್ನು ಇಲಿಯ ಅಂಕಿಯಿಂದ ನೇರವಾಗಿ ಎಳೆಯಬಾರದು.

ನಾಗಶ್ರೀ, ಬೆಂಗಳೂರು

ನಾನು ಆಸ್ಪತ್ರೆಯೊಂದರಲ್ಲಿ ಆಹಾರ ತಜ್ಞೆಯಾಗಿದ್ದೇನೆ. ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಫ್ರಕ್ಟೋಸಿನ ತಲೆಗೆ ಕಟ್ಟುವುದಕ್ಕೆ ನನ್ನ ತಕರಾರಿದೆ. ಜ್ಯೂರಿಕ್‌ನ ಪ್ರಯೋಗ ಮುಖ್ಯವಾಗಿ ತೋರಿಸಿದ್ದು ಕೊಬ್ಬು ತಯಾರಾಗುವ ವೇಗವನ್ನು. ವೇಗ ಹೆಚ್ಚಾದದ್ದೂ ಲಿವರ್‌ನಲ್ಲಿ ಕೊಬ್ಬು ಶೇಖರವಾದದ್ದೂ ಒಂದೇ ಅಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಫ್ಯಾಟಿ ಲಿವರ್ ಇರುವವರ ಲಿವರ್‌ನಲ್ಲಿದ್ದ ಕೊಬ್ಬಿನ ಮೂಲವನ್ನು ಹುಡುಕಿದಾಗ ಸುಮಾರು ಶೇಕಡಾ 59ರಷ್ಟು ದೇಹದ ಕೊಬ್ಬಿನ ಶೇಖರಣೆಯಿಂದ ಕರಗಿ ಬಂದದ್ದಾಗಿತ್ತು, ಅಲ್ಲಿಯೇ ಹೊಸದಾಗಿ ತಯಾರಾದದ್ದು ಶೇಕಡಾ 26. ಅಂದರೆ ಹೊಟ್ಟೆಯ ಸುತ್ತಳತೆಯನ್ನು ಬಿಟ್ಟು ಬರಿಯ ಫ್ರಕ್ಟೋಸಿನ ಹಿಂದೆ ಬಿದ್ದರೆ ದೊಡ್ಡ ಭಾಗವೇ ಕೈತಪ್ಪುತ್ತದೆ.

ಇನ್ನೊಂದು ವಿಷಯ. ದಿನದ ಒಟ್ಟು ಕ್ಯಾಲೊರಿ ಏರದಂತೆ ಬೇರೆ ಪಿಷ್ಟವನ್ನು ತೆಗೆದು ಆ ಜಾಗದಲ್ಲಿ ಫ್ರಕ್ಟೋಸ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಲಿವರ್ ಕೊಬ್ಬು ಹೆಚ್ಚಾಗಲಿಲ್ಲ, ಊಟದ ಮೇಲೆ ಹೆಚ್ಚುವರಿಯಾಗಿ ಕೊಟ್ಟಾಗ ಹೆಚ್ಚಾಯಿತು. ನನ್ನ ಬಳಿ ಬರುವವರಲ್ಲಿ ತಂಪು ಪಾನೀಯವನ್ನೇ ಮುಟ್ಟದೆ, ಮೂರು ಹೊತ್ತೂ ತಟ್ಟೆ ತುಂಬ ಅನ್ನ ತಿಂದು, ಇಡೀ ದಿನ ಕುಳಿತಿದ್ದು ಎರಡನೇ ದರ್ಜೆಯ ಫ್ಯಾಟಿ ಲಿವರ್ ಮಾಡಿಕೊಂಡವರು ಬಹಳ ಮಂದಿ.

ರಾಘವೇಂದ್ರ, ಮೈಸೂರು

ನಾಗಶ್ರೀ ಅವರ ಮಾತಿನಲ್ಲಿ ತೂಕವಿದೆ. ಆದರೆ ಪಾನೀಯದ ವಿಷಯದಲ್ಲಿ ಕ್ಯಾಲೊರಿಯ ವಾದ ಪೂರ್ತಿ ಸಾಲದು ಎಂದು ನನಗೆ ಅನ್ನಿಸುವುದಕ್ಕೆ ಡೆನ್ಮಾರ್ಕಿನ ಒಂದು ಪ್ರಯೋಗ ಕಾರಣ. ಅದು 2012ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 47 ಮಂದಿಯನ್ನು ನಾಲ್ಕು ಗುಂಪು ಮಾಡಿ ಆರು ತಿಂಗಳು ದಿನಕ್ಕೆ ಒಂದು ಲೀಟರ್ ಸಕ್ಕರೆಯ ಕೋಲಾ, ಅಷ್ಟೇ ಕ್ಯಾಲೊರಿಯ ಹಾಲು, ಸಕ್ಕರೆಯಿಲ್ಲದ ಕೋಲಾ, ನೀರು ಹೀಗೆ ಒಂದೊಂದನ್ನು ಕೊಟ್ಟರು. ಲಿವರ್ ಕೊಬ್ಬು ಗಣನೀಯವಾಗಿ ಏರಿದ್ದು ಸಕ್ಕರೆಯ ಕೋಲಾ ಕುಡಿದವರಲ್ಲಿ. ಅಷ್ಟೇ ಶಕ್ತಿಯಿದ್ದ ಹಾಲು ಕುಡಿದವರಲ್ಲಿ ಹಾಗಾಗಲಿಲ್ಲ. ಗುಂಪುಗಳು ಚಿಕ್ಕವು ಎಂಬುದು ನಿಜ.

ಪಾನೀಯದ ಕ್ಯಾಲೊರಿಯ ಇನ್ನೊಂದು ಗುಣವೆಂದರೆ ಅದು ಊಟದ ಜಾಗವನ್ನು ತೆಗೆದುಕೊಳ್ಳುವುದಿಲ್ಲ. ಸುಮಂಗಲಾ ಅವರ ಯಜಮಾನರು ಬಾಟಲಿ ಕುಡಿದ ದಿನ ರೊಟ್ಟಿಯನ್ನು ಒಂದು ಕಡಿಮೆ ತಿಂದಿರಲಾರರು. ನೀವು ಹೇಳುವ ‘ಹೆಚ್ಚುವರಿ’ ಎಂಬುದು ಪ್ರಯೋಗಾಲಯದಲ್ಲಿ ಬೇರೆಯಾಗಿ ನಿಂತರೂ ಮನೆಯಲ್ಲಿ ಬಾಟಲಿಯ ಜೊತೆಗೇ ಬರುತ್ತದೆ.

ನಾಗಶ್ರೀ, ಬೆಂಗಳೂರು

ಆ ಕೊನೆಯ ಮಾತನ್ನು ಒಪ್ಪುತ್ತೇನೆ. ಅದಕ್ಕೇ ನಾನೂ ಮೊದಲು ತೆಗೆಸುವುದು ಪಾನೀಯವನ್ನೇ, ಕಾರಣವನ್ನು ಬೇರೆ ಹೇಳುತ್ತೇನೆ ಅಷ್ಟೇ.

ವಾಣಿ, ನ್ಯೂಜೆರ್ಸಿ

ನಮ್ಮದು ಮಂಡ್ಯದ ಕಡೆ, ಹದಿನೈದು ವರ್ಷದಿಂದ ಇಲ್ಲಿದ್ದೇವೆ. ಹದಿಮೂರು ವರ್ಷದ ಮಗನಿಗೆ ಕಳೆದ ವರ್ಷ ಇದೇ ತೊಂದರೆ ಕಾಣಿಸಿತು. ನಾನು ಸೋಡಾವನ್ನು ಮನೆಗೇ ತರುತ್ತಿರಲಿಲ್ಲ, ಏಕೆಂದರೆ ಇಲ್ಲಿ ಅದಕ್ಕೆ ಮೆಕ್ಕೆಜೋಳದ ಸಿರಪ್ ಹಾಕುತ್ತಾರೆ. ಊರಿನ ಪಾನೀಯಗಳಲ್ಲಿ ಕಬ್ಬಿನ ಸಕ್ಕರೆ ಇರುವುದರಿಂದ ಅಷ್ಟು ಭಯವಿಲ್ಲ ಎಂದುಕೊಂಡಿದ್ದೆ. ಮಗನಿಗೆ ಬೆಳಿಗ್ಗೆ, ಸಂಜೆ ದೊಡ್ಡ ಲೋಟದಲ್ಲಿ ನೂರಕ್ಕೆ ನೂರು ಕಿತ್ತಳೆ ರಸ ಕೊಡುತ್ತಿದ್ದೆ, ಸಕ್ಕರೆ ಬೆರೆಸದ್ದು. ಮಕ್ಕಳ ವೈದ್ಯರು ಮೊದಲು ನಿಲ್ಲಿಸಿದ್ದೇ ಅದನ್ನು. ಕಿತ್ತಳೆ ಹಣ್ಣನ್ನು ಬೇಕಾದರೆ ತಿನ್ನಲಿ ಎಂದರು. ಅದೇ ಹಣ್ಣು, ಅದೇ ರಸ, ವ್ಯತ್ಯಾಸ ಏನೆಂದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ.

ರಾಘವೇಂದ್ರ, ಮೈಸೂರು

ಸಿರಪ್ಪಿನ ವಿಷಯವನ್ನು ಬೇಗ ಮುಗಿಸುತ್ತೇನೆ. ತಂಪು ಪಾನೀಯಕ್ಕೆ ಬಳಸುವ ಮೆಕ್ಕೆಜೋಳದ ಸಿರಪ್ಪಿನಲ್ಲಿ ಸಕ್ಕರೆಯ ಅಂಶದ ಶೇಕಡಾ 55ರಷ್ಟು ಫ್ರಕ್ಟೋಸ್, ಕಬ್ಬಿನ ಸಕ್ಕರೆಯಲ್ಲಿ 50. ಊರಿನ ಬಾಟಲಿಯೂ ಅದೇ ಸಾಲಿನದು.

ರಸದ ಪ್ರಶ್ನೆಗೆ ಬಹಳ ಹಳೆಯ, ಆದರೆ ಇಂದಿಗೂ ನನಗೆ ಪ್ರಿಯವಾದ ಪ್ರಯೋಗವೊಂದಿದೆ. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೆಲವರಿಗೆ ಒಂದು ದಿನ ಇಡಿಯ ಸೇಬು, ಒಂದು ದಿನ ಅದನ್ನು ನುಣ್ಣಗೆ ಅರೆದ ತಿರುಳು, ಇನ್ನೊಂದು ದಿನ ಅದರ ರಸ ಕೊಟ್ಟರು. ಮೂರರಲ್ಲಿಯೂ ಸಕ್ಕರೆಯ ಪ್ರಮಾಣ ಒಂದೇ. ಇಡಿಯ ಸೇಬನ್ನು ತಿನ್ನಲು ಸುಮಾರು 17 ನಿಮಿಷ ಹಿಡಿಯಿತು, ಅರೆದದ್ದಕ್ಕೆ 6 ನಿಮಿಷ, ರಸಕ್ಕೆ ಒಂದೂವರೆ ನಿಮಿಷ. ಇಡಿಯ ಹಣ್ಣು ತಿಂದವರಿಗೆ ಹೆಚ್ಚು ಹೊಟ್ಟೆ ತುಂಬಿತು, ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿತು. ನಾನು ಮೊದಲು ಹೇಳಿದ ವೇಗದ ಮಾತಿಗೆ ಇದಕ್ಕಿಂತ ಸರಳವಾದ ಚಿತ್ರ ಸಿಗುವುದಿಲ್ಲ. ಜಗಿಯುವ ಹೊತ್ತು ಒಂದಾದರೆ, ಹಣ್ಣಿನ ಜೀವಕೋಶದ ಗೋಡೆಗಳು ಒಡೆಯದೆ ಹೊಟ್ಟೆಗೆ ಹೋಗಿ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುದು ಇನ್ನೊಂದು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯೂ ಸಕ್ಕರೆ ಬೆರೆಸದ ಹಣ್ಣಿನ ರಸವನ್ನು ಮಿತಿಗೊಳಿಸಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸುತ್ತದೆ, ಇಡಿಯ ಹಣ್ಣನ್ನು ಸೇರಿಸುವುದಿಲ್ಲ.

ಲೋಟ ತುಂಬಲು ಮೂರು ನಾಲ್ಕು ಕಿತ್ತಳೆ ಬೇಕು. ನಿಮ್ಮ ಮಗ ಅಷ್ಟನ್ನು ಒಂದೇ ಸಲಕ್ಕೆ ಸುಲಿದು ತಿನ್ನುತ್ತಾನೆಯೇ ಎಂದು ಯೋಚಿಸಿ ನೋಡಿ.

ನಾಗಶ್ರೀ, ಬೆಂಗಳೂರು

ವಾಣಿ ಅವರೇ, ನಿಮ್ಮ ಮಗನ ವಯಸ್ಸಿನ ಹುಡುಗರ ಮೇಲೆಯೇ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದು 2019ರಲ್ಲಿ ಪ್ರಕಟವಾಗಿದೆ. ಫ್ಯಾಟಿ ಲಿವರ್ ಇದ್ದ ನಲವತ್ತು ಹುಡುಗರಲ್ಲಿ ಅರ್ಧದಷ್ಟು ಮಂದಿಯ ಮನೆಗೆ ಎಂಟು ವಾರ ಸಕ್ಕರೆ ತೀರ ಕಡಿಮೆಯಿರುವ ಆಹಾರವನ್ನು, ಮನೆಮಂದಿಗೆಲ್ಲ ಸಾಲುವಂತೆ ಒದಗಿಸಿದರು. ಅವರ ಲಿವರ್ ಕೊಬ್ಬು ಸರಾಸರಿ ಶೇಕಡಾ 25ರಿಂದ 17ಕ್ಕೆ ಇಳಿಯಿತು. ಎಂದಿನಂತೆ ತಿಂದವರಲ್ಲಿ 21 ಇದ್ದದ್ದು 20 ಆಯಿತು. ಸಕ್ಕರೆ ಬಿಟ್ಟವರ ತೂಕವೂ ಸ್ವಲ್ಪ ಇಳಿದಿತ್ತು, ಆದ್ದರಿಂದ ಎಷ್ಟು ಶ್ರೇಯಸ್ಸು ಯಾವುದಕ್ಕೆ ಸೇರಬೇಕು ಎಂಬುದನ್ನು ಅದರಿಂದ ಬಿಡಿಸಲಾಗದು. ನನಗೆ ಅದರಲ್ಲಿ ಮುಖ್ಯವೆನಿಸಿದ್ದು ಇಡೀ ಮನೆಯ ಊಟವನ್ನು ಬದಲಿಸಿದರು ಎಂಬುದು. ಹುಡುಗನೊಬ್ಬನ ಲೋಟವನ್ನು ಮಾತ್ರ ತೆಗೆದರೆ ಅದು ನಾಲ್ಕು ದಿನ ನಡೆಯುತ್ತದೆ.

ಮುನಿಯಪ್ಪ, ಶ್ರೀನಿವಾಸಪುರ

ನಾನು ಮಾವು ಬೆಳೆಗಾರ. ನೀವೆಲ್ಲ ಹಣ್ಣಿನ ಪರವಾಗಿ ಬರೆದದ್ದನ್ನು ಓದಿ ಸಂತೋಷವಾಯಿತು, ಆದರೂ ಒಂದು ಅನುಮಾನವಿದೆ. ಹಂಗಾಮಿನಲ್ಲಿ ನಾನು ದಿನಕ್ಕೆ ಆರೇಳು ಬಾದಾಮಿ ಹಣ್ಣುಗಳನ್ನು ತಿನ್ನುತ್ತೇನೆ, ಎರಡು ತಿಂಗಳು ಹೀಗೆಯೇ. ಅಂಗಡಿಯ ಪಾನೀಯ ಮುಟ್ಟುವುದಿಲ್ಲ. ನನಗೂ ಹೋದ ವರ್ಷ ಸ್ಕ್ಯಾನಿಂಗ್‌ನಲ್ಲಿ ಒಂದನೇ ದರ್ಜೆ ಎಂದು ಬಂದಿದೆ. ಇಡಿಯ ಹಣ್ಣಿಗೆ ಮಿತಿಯೇ ಇಲ್ಲವೇ? ಜೊತೆಗೆ ನಮ್ಮ ಮನೆಯಲ್ಲಿ ಮಾವಿನ ಸೀಕರಣೆ ಮಾಡುತ್ತಾರೆ. ಅದು ಹಣ್ಣೋ ರಸವೋ?

ರಾಘವೇಂದ್ರ, ಮೈಸೂರು

ಮುನಿಯಪ್ಪನವರೇ, ಇಷ್ಟೊತ್ತು ನಾವು ಯಾರೂ ಕೇಳದೇ ಇದ್ದ ಪ್ರಶ್ನೆಯನ್ನು ನೀವು ಕೇಳಿದಿರಿ. ಒಂದು ಹಣ್ಣಿನಲ್ಲಿ ನೂರೈವತ್ತು ಗ್ರಾಂ ತಿರುಳು ಎಂದರೆ ಏಳು ಹಣ್ಣಿಗೆ ಎಂಬತ್ತು ಗ್ರಾಮಿನಷ್ಟು ಫ್ರಕ್ಟೋಸ್ ಆಗುತ್ತದೆ. ಸುಮಂಗಲಾ ಅವರ ಯಜಮಾನರ 77ಕ್ಕೆ ಸಮನಾಯಿತು. ನೀವು ಅದನ್ನು ದಿನವಿಡೀ ಹಂಚಿ, ಜಗಿದು ತಿನ್ನುತ್ತೀರಿ ಎಂಬುದು ಪರಿಣಾಮವನ್ನು ತಗ್ಗಿಸುತ್ತದೆ, ಆದರೆ ಇಲ್ಲವಾಗಿಸುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಇರಾನಿನಲ್ಲಿ ಫ್ಯಾಟಿ ಲಿವರ್ ಇರುವವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಆರು ತಿಂಗಳು ಒಂದು ಗುಂಪು ದಿನಕ್ಕೆ ಕನಿಷ್ಠ ನಾಲ್ಕು ಪಾಲು ಹಣ್ಣು ತಿಂದಿತು, ಇನ್ನೊಂದು ಎರಡು ಪಾಲಿಗಿಂತ ಕಡಿಮೆ. ಹೆಚ್ಚು ಹಣ್ಣು ತಿಂದವರಲ್ಲಿ ಲಿವರ್‌ನ ಸ್ಥಿತಿಯೂ ಕಿಣ್ವಗಳೂ ಕೆಟ್ಟಿದ್ದವು. ಹಣ್ಣಿನಿಂದ ಹಾಗೆ ಆಗುವುದಿಲ್ಲ ಎಂದು ನಂಬಿದ್ದ ನನಗೆ ಅದನ್ನು ಓದಿ ಆಶ್ಚರ್ಯವಾಗಿತ್ತು.

ನಾಗಶ್ರೀ, ಬೆಂಗಳೂರು

ಆ ಗುಂಪಿನ ತೂಕವೂ ಸೊಂಟದ ಸುತ್ತಳತೆಯೂ ಹೆಚ್ಚಾಗಿದ್ದವು ಎಂಬುದನ್ನು ಸೇರಿಸಿ ಓದಬೇಕು. ಅವರು ಹಣ್ಣನ್ನು ಬೇರೆ ಊಟದ ಬದಲಿಗೆ ತಿನ್ನದೆ, ಅದರ ಮೇಲೆ ತಿಂದಂತೆ ಕಾಣುತ್ತದೆ. ಹಾಗಾಗಿ ಅದು ಫ್ರಕ್ಟೋಸಿನ ತಪ್ಪೋ ಒಟ್ಟು ಹೆಚ್ಚಳದ ತಪ್ಪೋ ಎಂದು ನಾನೂ ಮೇಷ್ಟ್ರೂ ಮತ್ತೆ ಹಳೆಯ ವಾದಕ್ಕೇ ಬಂದು ನಿಲ್ಲುತ್ತೇವೆ. ಫ್ಯಾಟಿ ಲಿವರ್ ಇರುವವರಿಗೆ ನಾನು ದಿನಕ್ಕೆ ಎರಡು ಪಾಲು ಹಣ್ಣು ಹೇಳುತ್ತೇನೆ, ಊಟದ ಅನ್ನವನ್ನು ಅಷ್ಟರ ಮಟ್ಟಿಗೆ ತಗ್ಗಿಸಿ. ಮಾವಾದರೆ ಒಂದು ಮಧ್ಯಮ ಗಾತ್ರದ್ದೇ ಎರಡು ಪಾಲಿಗೆ ಸಮ.

ಸೀಕರಣೆಯಲ್ಲಿ ನಾರು ಹೋಗುವುದಿಲ್ಲ, ಆದ್ದರಿಂದ ಅದು ರಸವಲ್ಲ. ಆದರೆ ಬ್ರಿಸ್ಟಲ್‌ನ ಅರೆದ ಸೇಬಿನಂತೆ ಅದು ಬೇಗ ಇಳಿಯುತ್ತದೆ, ಮೇಲಾಗಿ ಬೆಲ್ಲವೋ ಸಕ್ಕರೆಯೋ ಬೀಳುತ್ತದೆ. ಅರೆದ ಹಣ್ಣು ರಕ್ತದ ಗ್ಲೂಕೋಸನ್ನು ಇಡಿಯ ಹಣ್ಣಿಗಿಂತ ಹೆಚ್ಚು ಏರಿಸಲಿಲ್ಲ ಎಂದು ತೋರಿಸಿದ ಪ್ರಯೋಗಗಳೂ ಇವೆ. ಬೆಲ್ಲವಿಲ್ಲದೆ, ಒಂದು ಹಣ್ಣಿನಷ್ಟೇ ಮಾಡಿಕೊಂಡರೆ ನನ್ನ ಆಕ್ಷೇಪವಿಲ್ಲ. ಎರಡು ಹಣ್ಣು, ಮೂರು ಚಮಚ ಬೆಲ್ಲ ಎಂದರೆ ಇದೆ.

ಮುನಿಯಪ್ಪ, ಶ್ರೀನಿವಾಸಪುರ

ಮೂರಲ್ಲ, ನಮ್ಮಲ್ಲಿ ಒಂದು ಅಚ್ಚು ಬೆಲ್ಲ ಬೀಳುತ್ತದೆ. ತಿಳಿಯಿತು.

ಸುಮಂಗಲಾ, ಹಾವೇರಿ

ಎಲ್ಲರಿಗೂ ಧನ್ಯವಾದಗಳು. ಮೇಷ್ಟ್ರು ಬರೆದ ಲೆಕ್ಕವನ್ನು ಯಜಮಾನರಿಗೆ ಓದಿ ಹೇಳಿದೆ. ಬಾಟಲಿಯ ಹಿಂದಿನ ಅಂಕಿಯನ್ನು ಅವರೇ ನೋಡಿದರು, ನೂರು ಮಿಲಿ ಲೀಟರಿಗೆ 13.5 ಗ್ರಾಂ ಎಂದಿದೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ನಾಳೆಯಿಂದ ಮಜ್ಜಿಗೆ ಕಟ್ಟಿಕೊಡು ಎಂದರು. ಚಹಾದ ಸಕ್ಕರೆಯನ್ನು ಒಂದೊಂದು ಚಮಚಕ್ಕೆ ಇಳಿಸಿದ್ದೇವೆ. ಕಬ್ಬಿನ ಹಾಲು ವಾರಕ್ಕೊಂದು ಸಣ್ಣ ಲೋಟ ಎಂದು ಮಾತಾಗಿದೆ. ಇಲ್ಲಿ ಈಗ ಪೇರಲ ಬರುತ್ತಿದೆ, ದಿನಕ್ಕೊಂದನ್ನು ಮತ್ತೆ ಶುರುಮಾಡಿದ್ದಾರೆ. ಒಂದು ತಿಂಗಳಿಗೆ ಸ್ಕ್ಯಾನಿಂಗ್ ಮಾಡಿಸಿದರೆ ವ್ಯತ್ಯಾಸ ಕಾಣಬಹುದೇ?

ನಾಗಶ್ರೀ, ಬೆಂಗಳೂರು

ಅಷ್ಟು ಬೇಗ ಬೇಡ. ಸಾಮಾನ್ಯ ಸ್ಕ್ಯಾನಿಂಗ್‌ಗೆ ಸಣ್ಣ ಬದಲಾವಣೆಗಳು ಕಾಣುವುದಿಲ್ಲ, ಕೊಬ್ಬು ಐದನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ಅದು ತಪ್ಪಿಹೋಗುವುದೇ ಹೆಚ್ಚು. ಒಂದು, ಎರಡು ಎಂಬ ದರ್ಜೆಯೂ ನೋಡುವವರ ಕಣ್ಣಿನ ಮೇಲೆ ನಿಂತಿದೆ. ಮೂರು ತಿಂಗಳಿಗೆ ಎಸ್‌ಜಿಪಿಟಿ ಮತ್ತು ಎಸ್‌ಜಿಒಟಿ ಎಂಬ ಇನ್ನೊಂದು ಲಿವರ್ ಕಿಣ್ವದ ಪರೀಕ್ಷೆ ಮಾಡಿಸಿ, ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸುತ್ತಳತೆಯನ್ನು ಬರೆದಿಡಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಮಿತಿ. ಎಸ್‌ಜಿಪಿಟಿ ಇಳಿದರೂ ಲಿವರ್ ಗಡುಸಾಗಿದೆಯೇ ಎಂಬುದನ್ನು ಅದೊಂದೇ ಹೇಳುವುದಿಲ್ಲ. ಅದಕ್ಕೆ ಫೈಬ್ರೋಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಸುಮಂಗಲಾ, ಹಾವೇರಿ

ಸುತ್ತಳತೆ ಇಂದು 98 ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ. ಮೂರು ತಿಂಗಳ ನಂತರ ಇಲ್ಲಿಯೇ ತಿಳಿಸುತ್ತೇನೆ.